ಕೆಲಸಗಾರ ತೀರಿಕೊಂಡರು. ಅವರ ಮನೆಗೆ ಏನಂತ ಪತ್ರ ಬರೆಯಲಿ?

ಪ್ರಶ್ನೆ: ಕಾರಟಗಿ ಹತ್ತಿರ ನಮ್ಮದೊಂದು ಅಕ್ಕಿ ಮಿಲ್ಲು ಇದೆ. ಮೂವತ್ತು ಜನ ಕೆಲಸಕ್ಕಿದ್ದಾರೆ. ಡ್ರೈಯರ್ ನೋಡಿಕೊಳ್ಳುತ್ತಿದ್ದವರು ಹೋದ ವಾರ ರಾತ್ರಿ ಮನೆಯಲ್ಲೇ ಎದೆನೋವು ಬಂದು ತೀರಿಕೊಂಡರು. ನಮ್ಮಲ್ಲಿ 9 ವರ್ಷ 8 ತಿಂಗಳು ದುಡಿದಿದ್ದರು. ಮಣ್ಣಿಗೆ ಹೋಗಿ ಬಂದೆ, ಆದರೆ ಅಲ್ಲಿ ಮಾತೇ ಹೊರಡಲಿಲ್ಲ. ಕೈಯಾರೆ ಒಂದು ಪತ್ರ ಬರೆದು ಕೊಡೋಣ ಅಂತ ಇದ್ದೇನೆ. ಸಹಾಯದ ಮಾತನ್ನು ಹೇಗೆ ಬರೆಯಬೇಕು?

ಉತ್ತರ: ನಾನು ಬಹಳ ವರ್ಷ ಮಿಲ್ಲುಗಳ ಲೆಕ್ಕ ಬರೆದವನು. ಇಂಥ ಪತ್ರಗಳನ್ನು ನಾಲ್ಕೈದು ಸಲ ನೋಡಿದ್ದೇನೆ. ಎಲ್ಲದರಲ್ಲೂ ತಪ್ಪು ಒಂದೇ ಕಡೆ ಆಗುತ್ತದೆ. ಅವರಿಗೆ ಹಕ್ಕಿನಿಂದ ಬರಬೇಕಾದ ದುಡ್ಡನ್ನೂ ಸಾವುಕಾರರು ಕೈಯಿಂದ ಕೊಡುವ ದುಡ್ಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ. "ನಮ್ಮ ಕಡೆಯಿಂದ ಒಂದು ಲಕ್ಷ ಸಹಾಯ" ಅಂತ ಬರೆದಿರುತ್ತಾರೆ. ಬಿಡಿಸಿ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಗ್ರಾಚ್ಯುಟಿ. ಅದು ಸಹಾಯವಲ್ಲ, ಬಾಕಿ. ಆದ್ದರಿಂದ ನಿಮ್ಮ ಪತ್ರದಲ್ಲಿ ಇವೆರಡೂ ಬೇರೆ ಬೇರೆ ಇರಲಿ.

ಮೊದಲು ಬಾಕಿ ಲೆಕ್ಕ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಗ್ರಾಚ್ಯುಟಿ ಕೊಡಲೇಬೇಕು. ಕೆಲಸ ಬಿಟ್ಟವರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿರಬೇಕು ಅನ್ನುವ ನಿಯಮ ಇದೆಯಲ್ಲ, ಕೆಲಸದಲ್ಲಿದ್ದಾಗಲೇ ತೀರಿಕೊಂಡವರಿಗೆ ಅದು ಅನ್ವಯಿಸುವುದಿಲ್ಲ. ಅವರ ಕೊನೆಯ ಸಂಬಳ, ಮೂಲ ವೇತನ ಮತ್ತು ಡಿಎ ಸೇರಿ, ತಿಂಗಳಿಗೆ 15,600 ರೂಪಾಯಿ ಅಂತ ಇಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 600. ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ 9,000. ಆರು ತಿಂಗಳು ದಾಟಿದ್ದನ್ನು ಪೂರ್ತಿ ವರ್ಷ ಅಂತ ಹಿಡಿಯಬೇಕು, ಹಾಗಾಗಿ 9 ವರ್ಷ 8 ತಿಂಗಳು ಅಂದರೆ 10 ವರ್ಷ. ಒಟ್ಟು 90,000 ರೂಪಾಯಿ. ಇದನ್ನು 30 ದಿನದೊಳಗೆ ಕೊಡಬೇಕು. ಕೊನೆಯ ತಿಂಗಳ ಸಂಬಳ ಉಳಿದಿದ್ದರೆ ಅದೂ ಬಾಕಿಯೇ.

ಪಿಎಫ್ ಕಚೇರಿಯಿಂದ ಬರುವುದು ಮೂರು: ಕೂಡಿದ ಹಣ, ಹೆಂಡತಿ ಮಕ್ಕಳಿಗೆ ಪಿಂಚಣಿ, ಮತ್ತು ಇಡಿಎಲ್‌ಐ ಅನ್ನುವ ವಿಮೆ. ಈ ಮೂರನೆಯದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ. ತೀರಿಕೊಳ್ಳುವ ಮುಂಚಿನ ಒಂದು ವರ್ಷ ಬಿಡದೆ ಕೆಲಸದಲ್ಲಿದ್ದವರಿಗೆ ಕನಿಷ್ಠ ಎರಡೂವರೆ ಲಕ್ಷ, ಗರಿಷ್ಠ ಏಳು ಲಕ್ಷ. ಸಾವು ಮಿಲ್ಲಿನಲ್ಲೇ ಆಗಿರಬೇಕು ಅಂತಿಲ್ಲ, ಮನೆಯಲ್ಲಾದರೂ ಬರುತ್ತದೆ. ಆದರೆ ಪತ್ರದಲ್ಲಿ ಇದರ ಮೊತ್ತ ಬರೆಯಬೇಡಿ. ಲೆಕ್ಕ ಹಾಕುವವರು ಪಿಎಫ್ ಕಚೇರಿಯವರು. ನೀವು ಆರು ಲಕ್ಷ ಅಂತ ಬರೆದು ಅಲ್ಲಿಂದ ಐದೂಕಾಲು ಬಂದರೆ, ಉಳಿದದ್ದನ್ನು ಸಾವುಕಾರ ನುಂಗಿದ ಅಂತಲೇ ಮಾತಾಗುತ್ತದೆ. ಇಎಸ್ಐ ಕಡಿತ ಇದ್ದರೆ ಅಂತ್ಯಸಂಸ್ಕಾರದ ಖರ್ಚಿಗೆ 15,000 ರೂಪಾಯಿವರೆಗೆ ಅಲ್ಲಿಂದ ಸಿಗುತ್ತದೆ.

ಇನ್ನು ಮುಂಗಡದ ವಿಷಯ. ನೀವು ಕೇಳಿಲ್ಲ, ಆದರೆ ನಮ್ಮ ಕಡೆ ಮುಂಗಡ ಇಲ್ಲದ ಕೆಲಸಗಾರ ಅಪರೂಪ. ಗಂಡ ಹೋದ ಮನೆಯಲ್ಲಿ ಮೊದಲ ಹೆದರಿಕೆಯೇ ಅದು: ಮುಂಗಡ ಕೇಳೋಕೆ ಯಾವತ್ತು ಬರ್ತಾರೋ! ಅದನ್ನು ಗ್ರಾಚ್ಯುಟಿಯಲ್ಲಿ ಮುರಿದುಕೊಳ್ಳುವಂತಿಲ್ಲ. ನಿಮಗೆ ಆಗುವುದಾದರೆ ಬಿಟ್ಟುಬಿಡಿ, ಬಿಟ್ಟಿದ್ದೇನೆ ಅಂತ ಮೊತ್ತದ ಸಮೇತ ಬರೆಯಿರಿ. ಇಡೀ ಪತ್ರದಲ್ಲಿ ಆ ಮನೆಗೆ ನಿದ್ದೆ ಬರಿಸುವ ಸಾಲು ಅದೇ ಇರಬಹುದು.

ಕೈಯಿಂದ ಕೊಡುವುದಕ್ಕೆ ಲೆಕ್ಕ ಮತ್ತು ಕೊನೆ ಎರಡೂ ಇರಲಿ. "ಮಕ್ಕಳ ಓದು ನಾನೇ ನೋಡಿಕೊಳ್ಳುತ್ತೇನೆ" ಅಂದರೆ ಎಲ್ಲಿಯವರೆಗೆ? ಎಷ್ಟು? ಅದರಲ್ಲೂ "ಮಗನಿಗೆ ಕೆಲಸ ಕೊಡುತ್ತೇವೆ" ಅನ್ನುವುದನ್ನು ದುಃಖದಲ್ಲಿ ಬರೆಯಬೇಡಿ. ಒಂದು ಮಿಲ್ಲಿನಲ್ಲಿ ಹಾಗೆ ಬರೆದುಕೊಟ್ಟರು. ಹುಡುಗ ಆಗ ಹತ್ತನೇ ಕ್ಲಾಸು. ಪತ್ರ ಓದಿದ ಮರುವಾರವೇ ಶಾಲೆ ಬಿಟ್ಟು ಗೇಟಿಗೆ ಬಂದು ನಿಂತ. ಸೇರಿಸಿಕೊಳ್ಳುವ ವಯಸ್ಸಲ್ಲ, ವಾಪಸ್ ಕಳಿಸಿದರು. ಅವನು ಶಾಲೆಗೂ ಹೋಗಲಿಲ್ಲ.

ಇನ್ನೊಂದು ಎಚ್ಚರ. "ಎಲ್ಲಾ ಹಣ ನಿಮಗೇ ಬರುತ್ತದೆ" ಅಂತ ಹೆಂಡತಿಗೆ ಬರೆಯುವ ಮುಂಚೆ ನಿಮ್ಮ ಬೀರುವಿನಲ್ಲಿರುವ ನಾಮಿನಿ ಫಾರಂ ತೆಗೆದು ನೋಡಿ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ ಹಾಗೇ ಬಿಟ್ಟವರು ಬಹಳ. ಪಿಎಫ್‌ನಲ್ಲಿ ಮದುವೆಗೆ ಮುಂಚಿನ ನಾಮಿನಿ ಮದುವೆಯಾದ ಮೇಲೆ ನಡೆಯುವುದಿಲ್ಲ. ಆದರೆ ಅದೇ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಪತ್ರ ಕೇಳಿಸಿಕೊಳ್ಳುತ್ತಾರೆ ಅನ್ನುವುದು ನೆನಪಿರಲಿ.

ಹೌದು, ಕೇಳಿಸಿಕೊಳ್ಳುತ್ತಾರೆ. ಇಂಥ ಪತ್ರವನ್ನು ಓದುವುದು ಬಹಳ ಸಲ ಮನೆಯ ಮಗಳು, ಗಟ್ಟಿಯಾಗಿ. ಅದಕ್ಕೇ ದಪ್ಪ ಅಕ್ಷರ, ಸಣ್ಣ ವಾಕ್ಯ ಇರಲಿ. ಅಕ್ಷರ ಚಂದ ಇಲ್ಲದಿದ್ದರೂ ಪರವಾಗಿಲ್ಲ. ನಾನು ಬರೆದರೆ ಹೀಗೆ ಬರೆಯುತ್ತಿದ್ದೆ. ಹೆಸರುಗಳನ್ನು ನೀವು ತುಂಬಿಕೊಳ್ಳಿ:

"ತಂಗೀ, ಅವತ್ತು ಮನೆಗೆ ಬಂದಾಗ ನನಗೆ ಮಾತು ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಯಜಮಾನರು ಭತ್ತವನ್ನು ಅಂಗೈಯಲ್ಲಿ ಉಜ್ಜಿ, ಒಂದು ಕಾಳು ಹಲ್ಲಲ್ಲಿ ಕಚ್ಚಿ, ಇನ್ನೂ ಹಸಿ ಇದೆ ಅನ್ನುತ್ತಿದ್ದರು. ಮೀಟರ್ ಇಟ್ಟರೂ ಅದೇ ಬರುತ್ತಿತ್ತು. ಈಗ ಡ್ರೈಯರ್ ಹತ್ತಿರ ಹೋದರೆ ನಾನು ಅವರನ್ನೇ ಹುಡುಕುತ್ತೇನೆ.

ಅವರು ದುಡಿದದ್ದಕ್ಕೆ ಬರಬೇಕಾದದ್ದು: ಗ್ರಾಚ್ಯುಟಿ 90,000 ರೂಪಾಯಿ, ಈ ತಿಂಗಳ 12 ದಿನದ ಸಂಬಳ 7,200. ಇದು ನಾನು ಕೊಡುತ್ತಿರುವುದಲ್ಲ, ಅವರದೇ. ಹಕ್ಕುದಾರರ ಬ್ಯಾಂಕ್ ಖಾತೆಗೆ ಈ ತಿಂಗಳೊಳಗೆ ಬರುತ್ತದೆ. ಪಿಎಫ್, ಪಿಂಚಣಿ, ವಿಮೆಯ ಅರ್ಜಿಗಳನ್ನು ನಮ್ಮ ಗುಮಾಸ್ತರು ಮನೆಗೇ ಬಂದು ತುಂಬಿಸುತ್ತಾರೆ. ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಅವರು ತೆಗೆದುಕೊಂಡ ಮುಂಗಡ 40,000 ಬಿಟ್ಟಿದ್ದೇನೆ. ಅದನ್ನು ಯಾರೂ ಕೇಳುವುದಿಲ್ಲ.

ನನ್ನ ಕಡೆಯಿಂದ: ಒಂದು ವರ್ಷ, ತಿಂಗಳಿಗೆ 25 ಕೆ.ಜಿ. ಅಕ್ಕಿ ಚೀಲ ಒಂದು. ಮಗಳ ಪಿಯುಸಿ ಎರಡೂ ವರ್ಷದ ಫೀಜನ್ನು ನಾನೇ ಕಾಲೇಜಿಗೆ ಕಟ್ಟುತ್ತೇನೆ."

ಕೆಳಗೆ ಸಹಿ, ತಾರೀಕು, ನಿಮ್ಮ ಫೋನ್ ನಂಬರ್. ಬೇಕಾದ ಕಾಗದಗಳ ಪಟ್ಟಿ, ಅಂದರೆ ಮರಣ ಪತ್ರ, ಆಧಾರ್, ಪಾಸ್‌ಬುಕ್ ಇತ್ಯಾದಿ, ಬೇರೆ ಹಾಳೆಯಲ್ಲಿ ಟೈಪ್ ಮಾಡಿಸಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಅದು ಆಗಿದೆಯೋ ಇಲ್ಲವೋ ನಿಮ್ಮ ಗುಮಾಸ್ತರೇ ಕೇಳಲಿ.

ಸಾವು ಮಿಲ್ಲಿನೊಳಗೆ, ಕೆಲಸ ಮಾಡುವಾಗ ಆಗಿದ್ದರೆ ಈ ಪತ್ರ ಸಾಲುವುದಿಲ್ಲ. ಆಗ ಇಎಸ್ಐ ಇದ್ದರೆ ಅವಲಂಬಿತರಿಗೆ ಅಲ್ಲಿಂದ ಪಿಂಚಣಿ ಬರುತ್ತದೆ. ಇಲ್ಲದಿದ್ದರೆ ಪರಿಹಾರವನ್ನು ಇದಕ್ಕೆಂದೇ ಸರ್ಕಾರ ನೇಮಿಸಿದ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಊರ ಹಿರಿಯರ ಮುಂದೆ ಕೈಗೆ ದುಡ್ಡು ಕೊಟ್ಟು, "ಇನ್ನೇನೂ ಕೇಳುವುದಿಲ್ಲ" ಅಂತ ಹೆಬ್ಬೆಟ್ಟು ಹಾಕಿಸಿಕೊಂಡರೆ ಅದು ಪರಿಹಾರ ಕೊಟ್ಟ ಹಾಗೆ ಆಗುವುದಿಲ್ಲ.

ಈಗ ನಿಮ್ಮದಕ್ಕೆ ಬರೋಣ. ದಿನಕರ್ಮ ಮುಗಿದ ಮೇಲೆ ಒಂದು ಸಂಜೆ ಹೋಗಿ. ಪತ್ರ ಕೊಟ್ಟದ್ದಕ್ಕೆ ಸಹಿ ಕೇಳಬೇಡಿ, ಫೋಟೋ ತೆಗೆಸಬೇಡಿ. ಹೊರಡುವ ಮುಂಚೆ ಮಿಲ್ಲಿನಲ್ಲೇ ಒಂದು ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿ. ಹೇಗೂ ಬೀರು ತೆಗೆದಿರುತ್ತೀರಿ, ಉಳಿದ ಇಪ್ಪತ್ತೊಂಬತ್ತು ಜನರ ನಾಮಿನಿ ಫಾರಂಗಳನ್ನೂ ಒಮ್ಮೆ ನೋಡಿಬಿಡಿ.