ದೀಪಾವಳಿಯ ದೊಡ್ಡ ಆರ್ಡರ್: ‘ಆಗುವುದಿಲ್ಲ’ ಎಂದು ಮರ್ಯಾದೆಯಿಂದ ಹೇಳುವ ಲೆಕ್ಕ

ಆಗಸ್ಟ್ ಮುಗಿಯುತ್ತಿದ್ದಂತೆ ಚನ್ನಪಟ್ಟಣದ ಗೊಂಬೆ ಘಟಕಗಳಿಗೆ ಬೆಂಗಳೂರಿನಿಂದ ಫೋನ್ ಬರಲು ಶುರುವಾಗುತ್ತದೆ. ಕಂಪನಿಗಳ ದೀಪಾವಳಿ ಉಡುಗೊರೆಗೆ ಸಾವಿರ, ಎರಡು ಸಾವಿರ ಸೆಟ್ ಬೇಕು, ಅದೂ ಹಬ್ಬಕ್ಕೆ ಹತ್ತು ದಿನ ಮುಂಚೆ ಕೈಸೇರಬೇಕು. ಘಟಕದ ಮಾಲೀಕರ ಬಾಯಲ್ಲಿ ಮೊದಲು ಬರುವ ಉತ್ತರ ‘ನೋಡೋಣ ಸರ್, ಮಾಡಿಕೊಡೋಣ’. ಇಂಥ ಘಟಕಗಳ ಉತ್ಪಾದನೆಯ ಲೆಕ್ಕ ನೋಡುವವನಾಗಿ ಹೇಳುತ್ತೇನೆ, ಆ ‘ನೋಡೋಣ’ ಎಂಬ ಮಾತಿನಿಂದ ಆಗುವಷ್ಟು ತೊಂದರೆ ನೇರವಾದ ‘ಆಗುವುದಿಲ್ಲ’ದಿಂದ ಆಗುವುದಿಲ್ಲ. ಹೇಳುವವರು ಅದನ್ನು ಸೌಜನ್ಯವೆಂದುಕೊಂಡಿರುತ್ತಾರೆ. ಕೇಳಿದವರು ಒಪ್ಪಿಗೆಯೆಂದು ಬರೆದುಕೊಂಡು ಬೇರೆ ಕಡೆ ವಿಚಾರಿಸುವುದನ್ನು ನಿಲ್ಲಿಸುತ್ತಾರೆ. ಮೂರು ವಾರ ಬಿಟ್ಟು ಕೈ ಚೆಲ್ಲಿದರೆ ಅವರಿಗೆ ಹೋಗಲು ಜಾಗವೇ ಇರುವುದಿಲ್ಲ.

ಆಗುವುದಿಲ್ಲ ಎಂದು ಹೇಳಲು ಮೊದಲು ಎಷ್ಟು ಆಗುತ್ತದೆ ಎಂದು ಗೊತ್ತಿರಬೇಕು. ಒಂದು ಘಟಕದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅಂಕಿಗಳನ್ನು ಸ್ವಲ್ಪ ದುಂಡಾಗಿ ಕೊಟ್ಟಿದ್ದೇನೆ. ಸೆಪ್ಟೆಂಬರ್ 1ರಂದು ಉಡುಗೊರೆ ಸರಬರಾಜು ಮಾಡುವ ಸಂಸ್ಥೆಯೊಂದರಿಂದ ಕರೆ ಬಂತು. ಬೇಕಾದದ್ದು ಮಕ್ಕಳು ಒಂದರ ಮೇಲೊಂದು ಜೋಡಿಸುವ ಬಣ್ಣದ ಬಳೆಗಳ ಗೊಂಬೆ, 2000 ಸೆಟ್. ಅಕ್ಟೋಬರ್ 10ಕ್ಕೆ ಬೆಂಗಳೂರಿನ ಗೋದಾಮಿನಲ್ಲಿರಬೇಕು. ಘಟಕದಲ್ಲಿರುವುದು ಆರು ಲೇತ್. ಒಳ್ಳೆಯ ಕೆಲಸಗಾರ ದಿನಕ್ಕೆ 10 ಸೆಟ್ ಕಡೆಯುತ್ತಾನೆ. ಮಾಲೀಕರು ಫೋನಿನಲ್ಲೇ ಗುಣಿಸಿದರು: ದಿನಕ್ಕೆ 60, ನಲವತ್ತು ದಿನಕ್ಕೆ 2400. ಆರಾಮಾಗಿ ಆಗುತ್ತದಲ್ಲ!

ಈ ಗುಣಾಕಾರದಲ್ಲಿ ಎರಡು ಕಡೆ ಸೋರಿಕೆ ಇದೆ. ಒಂದು, ದಿನಕ್ಕೆ 60 ಎನ್ನುವುದು ಆರೂ ಜನ ಬಂದು, ಕರೆಂಟ್ ಹೋಗದೆ, ಒಂದು ತುಂಡೂ ಸೀಳದೆ ಇದ್ದ ದಿನದ ಮಾತು. ಹಿಂದಿನ ಮೂರು ತಿಂಗಳ ರಿಜಿಸ್ಟರ್ ತೆಗೆದು ನೋಡಿದರೆ ಪ್ಯಾಕಿಂಗ್ ಮುಗಿಸಿ ಬಾಗಿಲು ದಾಟಿದ್ದು ದಿನಕ್ಕೆ ಸರಾಸರಿ 45. ಸಾಮರ್ಥ್ಯ ಎಂದರೆ ಈ 45, ಆ 60 ಅಲ್ಲ. ಇನ್ನೊಂದು, ನಲವತ್ತು ದಿನವೂ ಕೈಯಲ್ಲಿಲ್ಲ. ಭಾನುವಾರಗಳು, ದಸರಾ ರಜೆ, ಕೊನೆಯಲ್ಲಿ ಡಬ್ಬಿಗೆ ತುಂಬಿ ಲಾರಿಗೆ ಹಾಕುವ ನಾಲ್ಕು ದಿನ ಕಳೆದರೆ ಉಳಿಯುವುದು 28. ಅದರಲ್ಲಿ ಮೊದಲ ಹತ್ತು ದಿನ ಹಳೆಯ ಗಿರಾಕಿಯೊಬ್ಬರ ಮಾಲಿಗೆ ಮೀಸಲು. ಉಳಿದ 18 ದಿನಕ್ಕೆ ದಿನಕ್ಕೆ 45ರಂತೆ 810 ಸೆಟ್.

ಆದರೆ ಈ ಕಸುಬಿನಲ್ಲಿ ಲೇತಿನ ಲೆಕ್ಕವೇ ಕೊನೆಯಲ್ಲ. ಚನ್ನಪಟ್ಟಣದ ಗೊಂಬೆ ಆಗುವುದು ಹಾಲೆ ಮರದಿಂದ. ಬಿಳಿ, ನಯವಾದ, ಉಳಿಗೆ ಸುಲಭವಾಗಿ ಬಗ್ಗುವ ಮರ. ಕಡಿದಾಗ ಹಾಲು ಸುರಿಯುತ್ತದೆ, ಒಳಗೆ ನೀರು ತುಂಬಿರುತ್ತದೆ. ಅದನ್ನು ನೆರಳಿನಲ್ಲಿ, ಗಾಳಿಯಾಡುವಂತೆ ಅಟ್ಟಿ ಹಾಕಿ ಎರಡು ಮೂರು ತಿಂಗಳು ಒಣಗಿಸಬೇಕು. ಮಳೆಗಾಲದಲ್ಲಿ ಇನ್ನೂ ತಡ. ಹಸಿ ಮರವನ್ನು ಕಡೆದರೂ ಅವತ್ತು ಗೊಂಬೆ ಚೆನ್ನಾಗಿಯೇ ಕಾಣುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ತಾಳೆಗರಿಯಲ್ಲಿ ಉಜ್ಜಿದರೆ ಹೊಳಪೂ ಬರುತ್ತದೆ. ತಪ್ಪು ಬಯಲಾಗುವುದು ಗಿರಾಕಿಯ ಮನೆಯಲ್ಲಿ. ಮರ ಒಣಗುತ್ತಾ ಕುಗ್ಗಿ, ಬಳೆಯ ಒಳಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿ ಗೊಂಬೆಯ ನಡುವಿನ ಕಡ್ಡಿಗೆ ಸೇರುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು, ಅಲ್ಲಿಂದ ಅರಗು ಏಳುತ್ತದೆ.

ಮರ ಒಣಗಿದೆಯೇ ಎಂದು ನೋಡಲು ಹಿರಿಯ ಕೆಲಸಗಾರರು ಎರಡು ತುಂಡು ತಟ್ಟಿ ಸದ್ದು ಕೇಳುತ್ತಾರೆ. ಹಸಿಯಾದರೆ ದಡ್ ಎನ್ನುತ್ತದೆ, ಒಣಗಿದರೆ ಟಣ್ ಎನ್ನುತ್ತದೆ. ನಾನು ಅದರ ಜೊತೆಗೆ ತಕ್ಕಡಿಯನ್ನೂ ಇಡಿಸುತ್ತೇನೆ. ಅಟ್ಟಿಯ ನಡುವಿನಿಂದ ನಾಲ್ಕು ತುಂಡು ತೆಗೆದು, ಗುರುತು ಹಾಕಿ, ವಾರಕ್ಕೊಮ್ಮೆ ತೂಕ ನೋಡಿ ಬರೆಯಬೇಕು. ತೂಕ ಇಳಿಯುತ್ತಲೇ ಇದ್ದರೆ ನೀರು ಹೋಗುತ್ತಲೇ ಇದೆ ಎಂದರ್ಥ. ಒಂದೇ ಕಡೆ ನಿಂತ ಮೇಲೆ ಮಾತ್ರ ಆ ಅಟ್ಟಿಯನ್ನು ಆರ್ಡರಿಗೆ ಲೆಕ್ಕ ಹಿಡಿಯಬಹುದು.

ನಮ್ಮ ಘಟಕದಲ್ಲಿ ಹೀಗೆ ತೂಕ ನಿಂತ ಮರದಲ್ಲಿ ಹಳೆಯ ಆರ್ಡರಿನ ಪಾಲು ತೆಗೆದರೆ ಉಳಿದದ್ದು ಸುಮಾರು 600 ಸೆಟ್ಟಿಗೆ. ಲೇತ್ 810 ಎನ್ನುತ್ತದೆ, ಮರ 600 ಎನ್ನುತ್ತದೆ. ಎರಡರಲ್ಲಿ ಚಿಕ್ಕದೇ ಉತ್ತರ. ಅದರಲ್ಲೂ ಗಂಟು, ಸೀಳು, ಬಣ್ಣದ ತಪ್ಪಿಗೆ ನೂರು ಬಿಟ್ಟು, ಬಾಯಿ ಬಿಟ್ಟು ಹೇಳಬಹುದಾದ ಸಂಖ್ಯೆ 500.

ಈ ಲೆಕ್ಕ ಮಾಡಲು ಅರ್ಧ ದಿನ ಸಾಕು. ಆದ್ದರಿಂದ ಕರೆ ಬಂದಾಗ ಹೇಳಬೇಕಾದ ಮಾತು, ‘ನಾಳೆ ಸಂಜೆ ಐದರೊಳಗೆ ಖಚಿತವಾಗಿ ತಿಳಿಸುತ್ತೇನೆ, ಅಲ್ಲಿಯವರೆಗೆ ಇದನ್ನು ಒಪ್ಪಿಗೆ ಅಂತ ಇಟ್ಟುಕೊಳ್ಳಬೇಡಿ ಮೇಡಂ’. ಆಮೇಲೆ ಮಾತು ಉಳಿಸಿಕೊಂಡು ನೀವೇ ಫೋನ್ ಮಾಡಬೇಕು, ಅದಾದ ಕೂಡಲೇ ಬರಹದಲ್ಲಿ ಕಳಿಸಬೇಕು. ಬರಹ ಮಾತ್ರ ಕಳಿಸಿದರೆ ಮುಖ ತಿರುಗಿಸಿದಂತಾಗುತ್ತದೆ. ಫೋನ್ ಮಾತ್ರ ಮಾಡಿದರೆ, ಅಲ್ಲಿ ಕೇಳಿಸಿಕೊಂಡವರು ತಮ್ಮ ಮೇಲಿನವರಿಗೆ ಏನು ಹೇಳಿದರೋ ನಮಗೆ ತಿಳಿಯುವುದಿಲ್ಲ. ಆ ಘಟಕದವರು ಕಳಿಸಿದ ಪತ್ರ ಹೆಚ್ಚೂಕಡಿಮೆ ಹೀಗಿತ್ತು:

‘ನಮಸ್ಕಾರ ಮೇಡಂ. 2000 ಸೆಟ್ಟಿನ ಆರ್ಡರಿಗೆ ನಮ್ಮನ್ನು ನೆನಪಿಸಿಕೊಂಡದ್ದಕ್ಕೆ ವಂದನೆಗಳು. ಅಕ್ಟೋಬರ್ 10ರೊಳಗೆ ಇಷ್ಟು ಮಾಲು ಕೊಡಲು ನಮ್ಮಿಂದ ಆಗುವುದಿಲ್ಲ, ಹಾಗಾಗಿ ಈ ಆರ್ಡರನ್ನು ನಾವು ಒಪ್ಪಿಕೊಳ್ಳುತ್ತಿಲ್ಲ. ಪೂರ್ತಿ ಒಣಗಿದ ಹಾಲೆ ಮರ ನಮ್ಮಲ್ಲಿರುವುದು 500 ಸೆಟ್ಟಿಗೆ ಸಾಕಾಗುವಷ್ಟು ಮಾತ್ರ. ಈಗ ಹೊಸ ಮರ ತಂದರೆ ಅದು ಒಣಗುವಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ನಿಮಗೆ ಅನುಕೂಲವಾದರೆ 500 ಸೆಟ್ ಅಕ್ಟೋಬರ್ 8ಕ್ಕೆ ತಲುಪಿಸುತ್ತೇವೆ. ಇದನ್ನು ಸೆಪ್ಟೆಂಬರ್ 5ರೊಳಗೆ ತಿಳಿಸಿದರೆ ಮರವನ್ನು ನಿಮಗಾಗಿ ತೆಗೆದಿಡುತ್ತೇವೆ. ಬೇಡವೆಂದರೂ ಬೇಸರವಿಲ್ಲ, ಬೇರೆ ಕಡೆ ವ್ಯವಸ್ಥೆ ಮಾಡಿಕೊಳ್ಳಲು ನಿಮಗೆ ಸಮಯ ಸಿಗಲಿ ಎಂದು ಇವತ್ತೇ ಬರೆಯುತ್ತಿದ್ದೇವೆ.’

ಇದರಲ್ಲಿ ನಮಸ್ಕಾರ ಬಿಟ್ಟರೆ ಎರಡನೆಯ ವಾಕ್ಯ ಮುಗಿಯುವಷ್ಟರಲ್ಲಿ ‘ಆಗುವುದಿಲ್ಲ’ ಬಂದಿದೆ. ಅದನ್ನು ಪತ್ರದ ಕೊನೆಗೆ ತಳ್ಳಿ, ಮೇಲೆ ಅರ್ಧ ಪುಟ ಕಷ್ಟಸುಖ ಹೇಳಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಓದುವವರು ಅಷ್ಟು ದೂರ ಬರುವುದಿಲ್ಲ. ಕಾರಣವೂ ಒಂದೇ ಇರಬೇಕು, ಅದೂ ದುಡ್ಡಿನಿಂದ ಬಗೆಹರಿಯದ ಕಾರಣವೇ ಆಗಿರಬೇಕು. ‘ಕೆಲಸಗಾರರು ಕಡಿಮೆ’ ಎಂದು ಬರೆದಿದ್ದರೆ ಮರುದಿನವೇ ‘ಓವರ್‌ಟೈಮ್ ದುಡ್ಡು ನಾವು ಕೊಡುತ್ತೇವೆ’ ಎಂಬ ಉತ್ತರ ಬರುತ್ತಿತ್ತು, ಅದಕ್ಕೆ ಇವರ ಹತ್ತಿರ ಮಾತಿರುತ್ತಿರಲಿಲ್ಲ. ಕೊನೆಗೂ ಆ ಮೇಡಂ ಸೆಟ್ಟಿಗೆ ಹೆಚ್ಚು ಕೊಡುತ್ತೇನೆ, ರಾತ್ರಿ ಪಾಳಿ ಮಾಡಿಸಿ ಎಂದು ಕೇಳಿದ್ದುಂಟು. ಮಾಲೀಕರ ಉತ್ತರ ಸರಳವಾಗಿತ್ತು: ‘ರಾತ್ರಿ ಪಾಳಿ ಹಾಕಿದರೆ ಲೇತ್ ಹೆಚ್ಚು ಓಡುತ್ತೆ ಮೇಡಂ, ಮರ ಬೇಗ ಒಣಗಲ್ಲ.’

500 ಕೊಡುತ್ತೇವೆ ಎಂಬ ಮಾತು ಎಲ್ಲ ಗಿರಾಕಿಗೂ ಸರಿಹೊಂದುವುದಿಲ್ಲ. ಎರಡು ಸಾವಿರ ನೌಕರರಿಗೆ ಒಂದೇ ಉಡುಗೊರೆ ಹಂಚಬೇಕಾದವರಿಗೆ ಕಾಲು ಭಾಗ ತೆಗೆದುಕೊಂಡು ಏನು ಪ್ರಯೋಜನ? ಈ ಸಂಸ್ಥೆಯವರು ಅದನ್ನು ತಮ್ಮ ಮುಖ್ಯ ಗಿರಾಕಿಗಳಿಗೆ ಕೊಡಲು ತೆಗೆದುಕೊಂಡರು, ಉಳಿದವರಿಗೆ ಬೇರೆ ಉಡುಗೊರೆ ಹುಡುಕಿದರು. ಹಾಗೆ ಮಾಡಲು ಐದು ವಾರ ಕೈಯಲ್ಲಿದ್ದದ್ದರಿಂದಲೇ ಸಾಧ್ಯವಾಯಿತು.

ಉಳಿದ 1500 ಅನ್ನು ಅಕ್ಕಪಕ್ಕದ ಘಟಕಕ್ಕೆ ಹಂಚಿ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಗಿರಾಕಿಗೆ ಮೊದಲೇ ತಿಳಿಸಿ, ಆ ಘಟಕದ ಮರವನ್ನೂ ತೂಗಿ ನೋಡಿ ಮಾಡುವುದಾದರೆ ಸರಿ. ಮುಚ್ಚಿಟ್ಟು ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಬಣ್ಣ ಒಂದೇ ಛಾಯೆಗೆ ಬರುವುದಿಲ್ಲ, ಅರಗಿನ ಬದಲು ಪೇಂಟ್ ಹಚ್ಚಿದ ಮಾಲು ಸೇರಿಕೊಳ್ಳುವ ಭಯವೂ ಇದೆ. ಮಕ್ಕಳು ಬಾಯಿಗಿಡುವ ವಸ್ತುವಿದು. ಕಾನೂನಿನ ತೊಡಕೂ ಇದೆ: 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚ್ಯಂಕದ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಇದೆ. ನೋಂದಣಿಯಿಲ್ಲದವರ ಕೈಯಲ್ಲಿ ಮಾಡಿಸಿದ ಮಾಲಿಗೆ ನಿಮ್ಮ ವಿನಾಯಿತಿಯನ್ನು ಅಂಟಿಸಿ ಕಳಿಸುವಂತಿಲ್ಲ.

ಇನ್ನು ಕರಾರಿನ ವಿಷಯ. 1872ರ ಒಪ್ಪಂದ ಕಾಯ್ದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಎನ್ನುವುದು ಷರತ್ತಿಲ್ಲದೆ, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪುವುದು. ನೀವು ಸಂಖ್ಯೆ ಅಥವಾ ತಾರೀಖು ಬದಲಿಸಿ ಬರೆದರೆ ಅದು ನಿಮ್ಮ ಕಡೆಯ ಹೊಸ ಪ್ರಸ್ತಾಪ, ಅವರು ಒಪ್ಪುವವರೆಗೆ ಯಾರಿಗೂ ಬಂಧನವಿಲ್ಲ. ಆದರೆ ಆರ್ಡರ್ ಪ್ರತಿಯ ಕೆಳಗೆ ವಾಟ್ಸಾಪಿನಲ್ಲಿ ‘ಓಕೆ ಮೇಡಂ’ ಎಂದು ಹಾಕಿದರೆ ಅದೇ ಒಪ್ಪಿಗೆಯೆಂದು ವಾದಿಸಲು ಅವರಿಗೆ ದಾರಿಯಾಗುತ್ತದೆ. ಹಬ್ಬದ ಮಾಲಿನಲ್ಲಿ ತಾರೀಖೇ ಜೀವ. ಸಮಯವೇ ಮುಖ್ಯವಾದ ಕರಾರಿನಲ್ಲಿ ತಡವಾದರೆ 55ನೇ ಕಲಮು ಗಿರಾಕಿಗೆ ಕರಾರು ರದ್ದುಮಾಡುವ ಹಕ್ಕು ಕೊಡುತ್ತದೆ. ಆಗ 1500 ಗೊಂಬೆ ನಿಮ್ಮ ಗೋದಾಮಿನಲ್ಲಿ, ಅವರ ಕಂಪನಿಯ ಹೆಸರು ಕೆತ್ತಿಸಿಕೊಂಡು ಕೂತಿರುತ್ತವೆ. ಬೇರೆಯವರಿಗೆ ಮಾರಲೂ ಬರುವುದಿಲ್ಲ.

ಕೆಲವರು ಮಾತುಕತೆ ಮುಗಿಯುವ ಮೊದಲೇ ಮುಂಗಡ ಹಾಕಿಬಿಡುತ್ತಾರೆ. ‘ಹೇಗೂ ಬಂದಿದೆ, ಇರಲಿ’ ಎಂದು ಇಟ್ಟುಕೊಂಡು ಬೇಡವೆಂದು ಪತ್ರ ಬರೆದರೆ ಆ ಪತ್ರಕ್ಕೆ ಬೆಲೆಯಿಲ್ಲ. ಅದೇ ದಿನ, ಬಂದ ಖಾತೆಗೇ ಪೂರ್ತಿ ಹಿಂತಿರುಗಿಸಿ, ಪತ್ರದಲ್ಲಿ ಆ ವರ್ಗಾವಣೆಯ ಸಂಖ್ಯೆ ಬರೆಯಬೇಕು. 500 ಸೆಟ್ ಒಪ್ಪಿದ ಮೇಲೆ ಹೊಸ ಆರ್ಡರ್ ಪ್ರತಿ ತರಿಸಿಕೊಂಡು, ಅದಕ್ಕೆ ಬೇರೆಯಾಗಿ ಮುಂಗಡ ಪಡೆಯಬಹುದು.

ಆ ಗಿರಾಕಿ ಮುಂದಿನ ವರ್ಷಕ್ಕೂ 2000 ಸೆಟ್ ಬೇಕೆಂದು ಹೇಳಿ ಇಟ್ಟಿದ್ದಾರೆ. ಅದಕ್ಕೆ ಮಾಲೀಕರು ಕೇಳಿದ್ದು ಒಂದೇ: ಮರದ ಖರ್ಚಿನಷ್ಟು ಮುಂಗಡ ಮೇ ತಿಂಗಳಲ್ಲಿ ಕೈಗೆ ಬರಬೇಕು. ಮಳೆ ಜೋರಾಗುವ ಮೊದಲು ಮರ ತಂದು ಅಟ್ಟಿ ಹಾಕಿದರೆ ಆಗಸ್ಟಿನ ಕೊನೆಗೆ ತಕ್ಕಡಿ ಏನು ಹೇಳುತ್ತದೋ ನೋಡಿ, ಆ ಸಂಖ್ಯೆಗೇ ಆರ್ಡರ್ ಬರೆಯುವುದೆಂದು ಇಬ್ಬರೂ ಒಪ್ಪಿದ್ದಾರೆ.