ವರ್ಷಕ್ಕೊಂದು ಕಂಪನಿ ಬದಲಾಯಿಸ್ತಿದೀನಿ, ತಪ್ಪಾ?

ಪ್ರಶ್ನೆ: ಬೆಂಗಳೂರಲ್ಲಿ ಬ್ಯಾಕೆಂಡ್ ಡೆವಲಪರ್ ಆಗಿದೀನಿ. ಮೂರು ವರ್ಷಕ್ಕೆ ಮೂರು ಕಂಪನಿ ಆಯ್ತು, ಈಗ 30% ಹೈಕ್ ಕೊಟ್ಟು ಇನ್ನೊಬ್ರು ಕರೀತಿದಾರೆ. ಹೋಗ್ಲಾ, ಇಲ್ಲೇ ಇರ್ಲಾ?

ಬರೀ ಸಂಬಳ ನೋಡಿದ್ರೆ ಬಿಟ್ಟು ಹೋಗೋರೇ ಮುಂದೆ, ಅದನ್ನ ಮುಚ್ಚಿಡೋದೇನಿಲ್ಲ. 6 ಲಕ್ಷಕ್ಕೆ ಸೇರಿ ಅಲ್ಲೇ ವರ್ಷಕ್ಕೆ 8% ತಗೊಂಡ್ರೆ ಮೂರು ವರ್ಷಕ್ಕೆ ಏಳೂವರೆ ಲಕ್ಷ ಆಗುತ್ತೆ, ಪ್ರತಿ ವರ್ಷ 25%ಗೆ ಬದಲಾಯಿಸಿದವ್ರು ಹನ್ನೊಂದೂವರೆ ದಾಟಿರ್ತಾರೆ. ಆದ್ರೆ ಆಫರ್ ಲೆಟರ್‌ನ ಒಳಗೆ ನೋಡಿ. ಜಾಯಿನಿಂಗ್ ಬೋನಸ್ ಒಂದೇ ಸಲ ಬರೋದು, ವರ್ಷದೊಳಗೆ ಬಿಟ್ರೆ ಸಾಮಾನ್ಯವಾಗಿ ವಾಪಸ್ ಕೊಡಬೇಕು. ಕೆಳಗೆಲ್ಲೋ ಗ್ರಾಚ್ಯುಟಿ ಅಂತ ಬೇಸಿಕ್‌ನ 4.81% ಸೇರ್ಸಿರ್ತಾರೆ, ಪರ್ಮನೆಂಟ್ ಕೆಲಸದಲ್ಲಿ ಅದು ಕೈಗೆ ಬರೋಕೆ ಒಂದೇ ಕಡೆ ಸತತ 5 ವರ್ಷ ಇರಬೇಕು. 10 ಲಕ್ಷ ಸಿಟಿಸಿಲಿ ಬೇಸಿಕ್ 5 ಲಕ್ಷ ಇದ್ರೆ ವರ್ಷಕ್ಕೆ 24 ಸಾವಿರ ಬರೀ ಕಾಗದದ ಮೇಲಿನ ಸಂಬಳ ಅಂತ ಲೆಕ್ಕ. ಹಾಗಾಗಿ ಹೈಕ್‌ನ ಯಾವತ್ತೂ ಫಿಕ್ಸೆಡ್ ಪೇ ಮೇಲೆ ಹಾಕಿ ನೋಡಿ.

ನನಗೆ ನಿಜವಾಗ್ಲೂ ಬೇಜಾರಾಗೋದು ಕಲಿಕೆ ವಿಷಯದಲ್ಲಿ. ಒಂದು ವರ್ಷದಲ್ಲಿ ಮೊದಲ ಎರಡು-ಮೂರು ತಿಂಗಳು ಆಕ್ಸೆಸ್, ಕೆಟಿ, ಕೋಡ್‌ಬೇಸ್ ಅರ್ಥ ಮಾಡ್ಕೊಳೋದ್ರಲ್ಲೇ ಹೋಗುತ್ತೆ, ಕೊನೆಗೆ 90 ದಿನ ನೋಟಿಸ್ ಪೀರಿಯಡ್ ಇದ್ರೆ ಪೇಪರ್ ಹಾಕಿದ ದಿನದಿಂದ ಯಾರೂ ಹೊಸ ಕೆಲಸ ಕೊಡಲ್ಲ, ಅದಕ್ಕೂ ಮುಂಚೆ ಒಂದು ತಿಂಗಳು ಇಂಟರ್‌ವ್ಯೂ ತಯಾರಿ, ಇದೆಲ್ಲ ಕಳೆದ್ರೆ ಉಳಿಯೋದು ಐದಾರು ತಿಂಗಳು. ಆ ಐದಾರು ತಿಂಗಳಲ್ಲಿ ಬರೆದ ಕೋಡ್ ಆಮೇಲೆ ಏನಾಯ್ತು ಅಂತ ನಿಮಗೆ ಗೊತ್ತೇ ಆಗಲ್ಲ. ನಾನು ಒಂದ್ಸಲ ಪೇಮೆಂಟ್ ಫೇಲ್ ಆದ್ರೆ ಮೂರು ಸಲ ಮತ್ತೆ ಟ್ರೈ ಮಾಡೋ ಹಾಗೆ ಬರೆದಿದ್ದೆ, ಎಲ್ರೂ ಓಕೆ ಅಂದ್ರು, ಹದಿನಾಲ್ಕು ತಿಂಗಳಾದ್ಮೇಲೆ ಹಬ್ಬದ ಸೇಲ್ ದಿನ ಬ್ಯಾಂಕ್ ಕಡೆ ಸರ್ವರ್ ನಿಧಾನ ಆಗಿ ಅದೇ ಕೋಡ್ ನಾಲ್ಕು ಪಟ್ಟು ರಿಕ್ವೆಸ್ಟ್ ಕಳಿಸಿ ನಮ್ಮ ಸಿಸ್ಟಮ್‌ನೇ ಮಲಗಿಸ್ತು. ರಾತ್ರಿ ಎರಡು ಗಂಟೆಗೆ ಅದನ್ನ ಸರಿಮಾಡಿದವ್ನು ನಾನೇ. ಹನ್ನೆರಡನೇ ತಿಂಗಳಿಗೆ ಬಿಟ್ಟಿದ್ರೆ ಅದು ಚೆನ್ನಾಗಿರೋ ಕೋಡ್ ಅಂತಾನೇ ಇವತ್ತಿಗೂ ನಂಬಿರ್ತಿದ್ದೆ.

ಹೆಸರು ಕೆಡೋದೂ ಇಲ್ಲಿಂದಾನೇ. ಒಂದು ಕಡೆ ಒಂದೇ ವರ್ಷ ಇದ್ರೆ ಯಾರೂ ತಲೆ ಕೆಡಿಸ್ಕೊಳಲ್ಲ, ಆದ್ರೆ ಸಾಲಾಗಿ ಮೂರು ಇದ್ರೆ ಇಂಟರ್‌ವ್ಯೂ ಮಾಡುವಾಗ ನಾನು ಕೇಳೋದು "ನೀವು ಮಾಡಿದ್ದು ಪ್ರೊಡಕ್ಷನ್‌ನಲ್ಲಿ ಯಾವಾಗ ಕೈಕೊಡ್ತು, ಆಗ ಏನು ಬದಲಾಯಿಸಿದ್ರಿ?" ಅಂತ. ಉತ್ತರ ಇದ್ರೆ ಮೂರಲ್ಲ, ನಾಲ್ಕು ಕಂಪನಿ ಇದ್ರೂ ತಗೋತೀನಿ.

ಹಾಗಂತ ಇದ್ದಲ್ಲೇ ಇದ್ರೆ ತಾನಾಗೇ ಕಲೀತೀವಿ ಅಂತಲೂ ಇಲ್ಲ, ಆರು ವರ್ಷ ಒಂದೇ ರಿಪೋರ್ಟ್ ತಿದ್ಕೊಂಡು ಕೂತವ್ರನ್ನೂ ನೋಡಿದೀನಿ. ಈಗಿರೋ ಕಡೆ ನಿಮ್ಮ ಹೆಸರಲ್ಲೇ ಒಂದು ಸರ್ವಿಸ್ ಇದೆ, ಆನ್-ಕಾಲ್ ಬರ್ತಿದೆ ಅಂದ್ರೆ ಇನ್ನೊಂದು ವರ್ಷ ಇರಿ. ಬರೀ ಟಿಕೆಟ್ ಕ್ಲೋಸ್ ಮಾಡಿಸ್ತಿದಾರೆ ಅಂದ್ರೆ ಹೋಗಿ, ಆದ್ರೆ ಸೈನ್ ಮಾಡೋಕ್ ಮುಂಚೆ ಹೊಸ ಮ್ಯಾನೇಜರ್ ಹತ್ರ ಮಾತಾಡಿ ಮೊದಲ ಆರು ತಿಂಗಳಲ್ಲಿ ಯಾವ ಸರ್ವಿಸ್ ನಿಮ್ಮ ಕೈಗೆ ಬರುತ್ತೆ ಅಂತ ಕೇಳಿ. ಅವ್ರ ಹತ್ರ ಸರಿಯಾದ ಉತ್ತರ ಇಲ್ಲ ಅಂದ್ರೆ 30% ಇದ್ರೂ ನಾನಾಗಿದ್ರೆ ಹೋಗಲ್ಲ.