ಹಾಟ್‌ಸ್ಪಾಟ್ ನಕ್ಷೆಯ ಕೆಂಪು ಬಣ್ಣದ ಹಿಂದೆ: ನಾರ್ತ್ ಕ್ಯಾರೊಲೈನಾದ ನೂರು ಕೌಂಟಿಗಳು ಕಲಿಸಿದ ಪಾಠ

ಭೂಗೋಳಶಾಸ್ತ್ರ ಮತ್ತು ಸಾರ್ವಜನಿಕ ಆರೋಗ್ಯದ ಸಂಶೋಧನಾ ಪ್ರಬಂಧಗಳಲ್ಲಿ ಈಗ ಒಂದು ಮಾದರಿ ರೂಢಿಯಾಗಿದೆ. ಮೊದಲು, ಅಕ್ಕಪಕ್ಕದ ಪ್ರದೇಶಗಳು ಎಷ್ಟರಮಟ್ಟಿಗೆ ಒಂದನ್ನೊಂದು ಹೋಲುತ್ತವೆ ಎಂದು ಅಳೆಯುವ ಮೋರಾನ್‌ನ I ಎಂಬ ಸಂಖ್ಯೆ ಮತ್ತು ಅದರ ಪಿ-ಮೌಲ್ಯ ಬರುತ್ತದೆ, ಅದರ ಬೆನ್ನಿಗೆ ಹೆಚ್ಚಿನ ಮೌಲ್ಯಗಳು ಗುಂಪುಗೂಡಿದ ಕಡೆ ಕೆಂಪು, ಕಡಿಮೆ ಮೌಲ್ಯಗಳು ಗುಂಪುಗೂಡಿದ ಕಡೆ ನೀಲಿ ತುಂಬಿದ ನಕ್ಷೆ ಬರುತ್ತದೆ, ಆಮೇಲೆ ಕೆಂಪು ಜಿಲ್ಲೆಗಳ ಹೆಸರುಗಳನ್ನು ಪಟ್ಟಿ ಮಾಡಿ ಅಲ್ಲಿ ಕಾರ್ಯಕ್ರಮಗಳನ್ನು ತೀವ್ರಗೊಳಿಸಬೇಕೆಂಬ ಶಿಫಾರಸು ಬರುತ್ತದೆ. ಯಾರನ್ನು ಯಾರ ನೆರೆಯವರೆಂದು ಎಣಿಸಲಾಯಿತು, ದರದ ಛೇದದಲ್ಲಿ ಎಷ್ಟು ಜನರಿದ್ದರು, ಎಷ್ಟು ಪರೀಕ್ಷೆಗಳನ್ನು ಒಟ್ಟಿಗೆ ಮಾಡಲಾಯಿತು ಎಂಬ ಮೂರು ಸಂಗತಿಗಳು ಬಹಳಷ್ಟು ಸಲ ಎಲ್ಲಿಯೂ ಸಿಗುವುದಿಲ್ಲ. ಇವು ಇಲ್ಲದೆ ಆ ನಕ್ಷೆಯನ್ನು ಓದಲು ಸಾಧ್ಯವೇ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ವಿಧಾನ ಬೆಳೆದು ಬಂದ ದಾರಿಯನ್ನು ನೋಡಿದರೆ ಅದಕ್ಕೆ ಕಾರಣ ತಿಳಿಯುತ್ತದೆ.

ನಕ್ಷೆಯ ಮೇಲೆ ಅಕ್ಕಪಕ್ಕದ ಪ್ರದೇಶಗಳು ಒಂದೇ ತೆರನಾಗಿ ಕಾಣುವುದು ಆಕಸ್ಮಿಕವೋ ಅಲ್ಲವೋ ಎಂಬ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಜ್ಞ ಪ್ಯಾಟ್ರಿಕ್ ಮೋರಾನ್ 1948ರಲ್ಲಿ ಎತ್ತಿಕೊಂಡರು. ಇಂದು ಅವರ ಹೆಸರಿನಲ್ಲಿರುವ ಅಳತೆ 1950ರ ಲೇಖನದಿಂದ ಬಂದದ್ದು. 1954ರಲ್ಲಿ ಐರ್ಲೆಂಡಿನ ರಾಯ್ ಗಿಯರಿ ತಮ್ಮ ದೇಶದ ಕೌಂಟಿಗಳ ಅಂಕಿಅಂಶಗಳನ್ನಿಟ್ಟುಕೊಂಡು ಇನ್ನೊಂದು ಅಳತೆಯನ್ನು ಕೊಟ್ಟರು. ಈ ಆರಂಭದ ಬರಹಗಳಲ್ಲಿ ಗಡಿ ತಾಗಿದರೆ ನೆರೆ, ತಾಗದಿದ್ದರೆ ಅಲ್ಲ ಎಂಬುದಷ್ಟೇ ನಿಯಮವಾಗಿತ್ತು. ಆ್ಯಂಡ್ರ್ಯೂ ಕ್ಲಿಫ್ ಮತ್ತು ಕೀತ್ ಆರ್ಡ್ 1969ರ ಲೇಖನದಲ್ಲಿ, ಮುಂದೆ 1973ರ ಪುಸ್ತಕದಲ್ಲಿ ಆ ಕಟ್ಟನ್ನು ಸಡಿಲಿಸಿದರು. ದೂರ, ಗಡಿಯ ಉದ್ದ, ಸಂಪರ್ಕ ಹೀಗೆ ಯಾವ ಆಧಾರದ ಮೇಲಾದರೂ ಪ್ರತಿ ಜೋಡಿ ಪ್ರದೇಶಗಳಿಗೆ ಒಂದು ತೂಕವನ್ನು ಕೊಡಬಹುದೆಂದು ಅವರು ತೋರಿಸಿದ ಮೇಲೆ, ಸ್ಪೇಷಿಯಲ್ ಆಟೋಕೋರಿಲೇಶನ್, ಅಂದರೆ ನೆರೆಯ ಪ್ರದೇಶಗಳ ಮೌಲ್ಯಗಳ ನಡುವಿನ ಹೋಲಿಕೆ, ಬರೀ ದತ್ತಾಂಶದ ಗುಣವಾಗಿ ಉಳಿಯಲಿಲ್ಲ. ದತ್ತಾಂಶ ಮತ್ತು ಸಂಶೋಧಕರು ಆಯ್ದುಕೊಂಡ ತೂಕ ಇವೆರಡೂ ಸೇರಿ ಅದನ್ನು ನಿರ್ಧರಿಸುತ್ತವೆ. ತೂಕವನ್ನು ಹೇಳದೆ I ಮೌಲ್ಯವನ್ನು ಮಾತ್ರ ಬರೆದರೆ ಓದುಗರಿಗೆ ಅರ್ಧ ಮಾಹಿತಿಯಷ್ಟೇ ಸಿಗುತ್ತದೆ.

ಇದನ್ನು ಹತ್ತಿರದಿಂದ ನೋಡಲು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಶಿಶುಗಳ ಹಠಾತ್ ಮರಣದ ದತ್ತಾಂಶಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆರೋಗ್ಯವಾಗಿದ್ದ ಕೂಸು ನಿದ್ದೆಯಲ್ಲಿಯೇ ತೀರಿಕೊಂಡು, ತನಿಖೆಯಾದ ಮೇಲೂ ಕಾರಣ ತಿಳಿಯದಿದ್ದರೆ ಆ ಸಾವನ್ನು ಈ ಹೆಸರಿನಲ್ಲಿ ದಾಖಲಿಸುತ್ತಾರೆ. 1974ರಿಂದ 1978ರವರೆಗೆ ಆ ರಾಜ್ಯದ 100 ಕೌಂಟಿಗಳಲ್ಲಿ 3,29,962 ಜನನಗಳೂ ಇಂಥ 667 ಸಾವುಗಳೂ ದಾಖಲಾದವು. ಅಂದರೆ ಸಾವಿರ ಜನನಕ್ಕೆ ಸುಮಾರು 2 ಸಾವು. ಈ ಸಾವುಗಳು ಕೆಲವು ಕಡೆ ಗುಂಪುಗೂಡಿವೆಯೇ ಎಂಬ ಪ್ರಶ್ನೆಯನ್ನು 1980ರ ದಶಕದಲ್ಲಿ ಹಲವರು ಪರಿಶೀಲಿಸಿದರು. ಅವರಲ್ಲಿ ನೋಯೆಲ್ ಕ್ರೆಸ್ಸಿ ಮತ್ತು ಅವರ ಸಹಲೇಖಕರ ಕೆಲಸ ಮುಂದೆ ಪಠ್ಯಪುಸ್ತಕಗಳನ್ನೂ ಸಾಫ್ಟ್‌ವೇರ್‌ಗಳನ್ನೂ ಸೇರಿತು.

ಕ್ರೆಸ್ಸಿಯವರು ಬಳಸಿದ ನೆರೆಯ ನಿಯಮವೊಂದರ ಪ್ರಕಾರ, ಎರಡು ಕೌಂಟಿಗಳ ಆಡಳಿತ ಕೇಂದ್ರಗಳ ನಡುವಿನ ದೂರ 30 ಮೈಲಿಯೊಳಗಿದ್ದರೆ ಅವು ನೆರೆ. ನಿಯಮವೇನೋ ಸಮಂಜಸವಾಗಿಯೇ ಇದೆ. ಆದರೆ ಕರಾವಳಿಯ ಡೇರ್ ಮತ್ತು ಹೈಡ್ ಕೌಂಟಿಗಳಿಗೆ ಇದರಿಂದ ಒಂದೂ ನೆರೆ ಸಿಗುವುದಿಲ್ಲ. ಗಡಿ ತಾಗುವ ನಿಯಮವನ್ನು ಹಿಡಿದರೆ ಅವುಗಳಿಗೂ ನೆರೆ ಸಿಗುತ್ತದೆ, I ಮೌಲ್ಯವೂ ಬದಲಾಗುತ್ತದೆ. ನೆರೆಯಿಲ್ಲದ ಪ್ರದೇಶಗಳನ್ನು ಕೈಬಿಟ್ಟಿರೋ, ಶೂನ್ಯವೆಂದು ಎಣಿಸಿದಿರೋ, ಅತಿ ಹತ್ತಿರದ ಪ್ರದೇಶಕ್ಕೆ ಜೋಡಿಸಿದಿರೋ ಎಂಬುದನ್ನು ಪ್ರಬಂಧದಲ್ಲಿ ಒಂದು ವಾಕ್ಯದಲ್ಲಾದರೂ ಬರೆಯಬೇಕಾದದ್ದು ಇದಕ್ಕಾಗಿಯೇ.

ಛೇದದ ಸಮಸ್ಯೆ ಇದಕ್ಕಿಂತ ಆಳವಾದದ್ದು. ದೊಡ್ಡ ನಗರವಿರುವ ಮೆಕ್ಲೆನ್‌ಬರ್ಗ್ ಕೌಂಟಿಯಲ್ಲಿ ಆ ಅವಧಿಯಲ್ಲಿ 21,588 ಜನನಗಳಾಗಿ 44 ಶಿಶುಗಳು ತೀರಿಕೊಂಡವು. ದರ ಸಾವಿರಕ್ಕೆ 2.04. ಗುಡ್ಡಗಾಡಿನ ಅಲೆಗೆನಿಯಲ್ಲಿ 487 ಜನನಗಳು, ಒಂದೂ ಸಾವಿಲ್ಲ, ದರ ಶೂನ್ಯ. ಅಲ್ಲಿ ಒಂದೇ ಒಂದು ಸಾವಾಗಿದ್ದರೆ ದರ 2.05ಕ್ಕೆ ಏರಿ ಮೆಕ್ಲೆನ್‌ಬರ್ಗ್‌ನ ಸಮಕ್ಕೆ ಬರುತ್ತಿತ್ತು, ಎರಡಾಗಿದ್ದರೆ ರಾಜ್ಯದ ಸರಾಸರಿಯ ದುಪ್ಪಟ್ಟಾಗುತ್ತಿತ್ತು. ಎಲ್ಲ ಕೌಂಟಿಗಳಲ್ಲಿ ಅಪಾಯ ಒಂದೇ ಆಗಿದ್ದರೂ ಚಿಕ್ಕ ಕೌಂಟಿಗಳ ದರಗಳು ಎರಡೂ ತುದಿಗಳಿಗೆ ಹೊಯ್ದಾಡುತ್ತವೆ. ಮೋರಾನ್‌ನ I ಪರೀಕ್ಷೆಯಲ್ಲಿ ದರಗಳನ್ನು ಕೌಂಟಿಗಳ ನಡುವೆ ಮತ್ತೆ ಮತ್ತೆ ಕಲಸಿ ಹಂಚುತ್ತಾರೆ. ಯಾವ ದರವಾದರೂ ಯಾವ ಕೌಂಟಿಗಾದರೂ ಸಮಾನ ಸಂಭವದಿಂದ ಬರಬಹುದೆಂಬುದು ಅದರ ಆಧಾರ. ಅಲೆಗೆನಿಯ ಶೂನ್ಯ ಮೆಕ್ಲೆನ್‌ಬರ್ಗ್‌ಗೆ ಬರಲು ಸಾಧ್ಯವೇ ಇಲ್ಲದಿರುವಾಗ ಆ ಆಧಾರ ಕುಸಿಯುತ್ತದೆ. ಕ್ರೆಸ್ಸಿಯವರು ಇದಕ್ಕಾಗಿ ದರಗಳನ್ನು ಬೇರೆ ಮಾನಕ್ಕೆ ಪರಿವರ್ತಿಸಿದರು. 1999ರಲ್ಲಿ ಅಸುನ್ಸಾವ್ ಮತ್ತು ರೈಸ್ ಜನಸಂಖ್ಯೆಗೆ ತಕ್ಕಂತೆ ಸರಿಹೊಂದಿಸಿದ ಮೋರಾನ್ ಸೂಚ್ಯಂಕವನ್ನು ಪ್ರಕಟಿಸಿದರು, ಅದು ಇಂದು ಉಚಿತ ಸಾಫ್ಟ್‌ವೇರ್‌ಗಳಲ್ಲಿಯೂ ಸಿಗುತ್ತದೆ. ಹೀಗಿದ್ದೂ ಹಸಿ ದರಗಳನ್ನೇ ನೇರವಾಗಿ ಪರೀಕ್ಷೆಗೆ ಹಾಕುವ ಪ್ರಬಂಧಗಳು ಇನ್ನೂ ಬರುತ್ತಲೇ ಇವೆ.

ಈ ದತ್ತಾಂಶದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ದಕ್ಷಿಣದ ಅಂಚಿನಲ್ಲಿರುವ ಆನ್ಸನ್ ಕೌಂಟಿ. 1,570 ಜನನಗಳಿಗೆ 15 ಸಾವು. ರಾಜ್ಯದ ಸರಾಸರಿಯಂತೆ ನಿರೀಕ್ಷಿಸಬಹುದಾಗಿದ್ದದ್ದು ಸುಮಾರು 3. ಇದನ್ನು ಬರೀ ಚಿಕ್ಕ ಸಂಖ್ಯೆಯ ಏರಿಳಿತವೆಂದು ತಳ್ಳಿಹಾಕುವುದು ಕಷ್ಟ. ಆದರೂ ಇಂಥ ಒಂದು ತುದಿಯ ಮೌಲ್ಯ ಇಡೀ ನಕ್ಷೆಯನ್ನು ಎಳೆಯಬಲ್ಲದು ಎಂದು ಕ್ರೆಸ್ಸಿ ಮತ್ತು ಸಹಲೇಖಕರು ಅದನ್ನು ಹೊರಗಿಟ್ಟು ಮಾದರಿಯನ್ನು ಪರಿಶೀಲಿಸಿದರು. ಮುಂದಿನ ಅವಧಿಯಲ್ಲಿ, ಅಂದರೆ 1979ರಿಂದ 1984ರವರೆಗೆ, ಆನ್ಸನ್‌ನಲ್ಲಿ 1,875 ಜನನಗಳಿಗೆ 4 ಸಾವುಗಳಷ್ಟೇ ಆದವು, ದರ ರಾಜ್ಯದ ಸರಾಸರಿಯ ಸಮೀಪಕ್ಕೆ ಇಳಿಯಿತು. ಮೊದಲ ಅವಧಿಯ ನಕ್ಷೆಯನ್ನು ನೋಡಿ ಅಲ್ಲಿ ಕಾರ್ಯಕ್ರಮವೊಂದನ್ನು ಆರಂಭಿಸಿದ್ದರೆ ಈ ಇಳಿಕೆಯ ಶ್ರೇಯಸ್ಸೆಲ್ಲ ಅದಕ್ಕೇ ಸಲ್ಲುತ್ತಿತ್ತು.

ಇಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಸಾವಿನ ದರ ಹೆಚ್ಚಿದ್ದ ಕೌಂಟಿಗಳಲ್ಲಿ ಬಿಳಿಯರಲ್ಲದ ಶಿಶುಗಳ ಜನನದ ಪಾಲೂ ಹೆಚ್ಚಾಗಿರುವುದು ಕಂಡಿತು. ಆನ್ಸನ್‌ನಲ್ಲಿ 1,570ರಲ್ಲಿ 952. ಈ ಪಾಲನ್ನು ಮಾದರಿಯಲ್ಲಿ ಸೇರಿಸಿದಾಗ ದರಗಳ ಪ್ರಾದೇಶಿಕ ವ್ಯತ್ಯಾಸದ ಗಣನೀಯ ಭಾಗಕ್ಕೆ ವಿವರಣೆ ಸಿಕ್ಕಿತು. ಹಾಗೆಂದು ಜನಾಂಗವೇ ಕಾರಣವೆಂದಲ್ಲ. ಬಡತನ, ವಸತಿ, ವೈದ್ಯಕೀಯ ಸೌಲಭ್ಯ ಇವೆಲ್ಲ ಆ ಒಂದು ಅಂಕಣದ ಹಿಂದೆ ಅಡಗಿರಬಹುದು. ನೆರೆಯ ಕೌಂಟಿಗಳು ಒಂದನ್ನೊಂದು ಹೋಲುವುದು ಯಾವುದೋ ಒಂದು ಸಂಗತಿ ಗಡಿ ದಾಟಿ ಹಬ್ಬಿದ್ದರಿಂದಲೇ ಆಗಬೇಕಿಲ್ಲ, ಒಂದೇ ಬಗೆಯ ಜನಜೀವನ ಅಕ್ಕಪಕ್ಕದಲ್ಲಿ ನೆಲೆಸಿದ್ದರಿಂದಲೂ ಆಗಬಹುದು ಎಂಬುದನ್ನಷ್ಟೇ ಇದು ತೋರಿಸುತ್ತದೆ. ಕೂಸನ್ನು ಬೋರಲಾಗಿ ಮಲಗಿಸುವುದು ಅಪಾಯವೆಂಬ ತಿಳಿವಳಿಕೆ ಬಂದದ್ದು ತೀರಿಕೊಂಡ ಮತ್ತು ಬದುಕಿರುವ ಶಿಶುಗಳನ್ನು ಹೋಲಿಸಿದ ಅಧ್ಯಯನಗಳಿಂದ. ಇಂಥ ನಕ್ಷೆಗಳು ಅದನ್ನು ಹೇಳಲಾರವು.

ಇಡೀ ನಕ್ಷೆಗೆ ಒಂದೇ ಸಂಖ್ಯೆ ಕೊಡುವ ಅಳತೆಯಿಂದ ಪ್ರತಿ ಪ್ರದೇಶಕ್ಕೂ ಒಂದೊಂದು ಸಂಖ್ಯೆ ಕೊಡುವ ಅಳತೆಗೆ ಹೊರಳಿದ್ದು 1990ರ ದಶಕದಲ್ಲಿ. 1992ರಲ್ಲಿ ಆರ್ಥರ್ ಗೆಟಿಸ್ ಮತ್ತು ಆರ್ಡ್ ತಮ್ಮ ಹೊಸ ಅಳತೆಯನ್ನು ಮಂಡಿಸಿದಾಗ ಉದಾಹರಣೆಗೆ ಆಯ್ದುಕೊಂಡದ್ದು ಸ್ಯಾನ್ ಡಿಯೆಗೊದ ಮನೆಗಳ ಬೆಲೆ ಮತ್ತು ಇದೇ ನಾರ್ತ್ ಕ್ಯಾರೊಲೈನಾದ ಶಿಶುಮರಣ. 1995ರಲ್ಲಿ ಲ್ಯೂಕ್ ಆನ್ಸೆಲಿನ್ ಮೋರಾನ್‌ನ ಸೂಚ್ಯಂಕವನ್ನು ಪ್ರದೇಶವಾರು ಬಿಡಿಸುವ ಕ್ರಮವನ್ನು ಕೊಟ್ಟರು. ಇಂದಿನ ಹಾಟ್‌ಸ್ಪಾಟ್ ನಕ್ಷೆಗಳೆಲ್ಲ ಬಹುಮಟ್ಟಿಗೆ ಈ ಎರಡು ಮೂಲಗಳಿಂದ ಬಂದಿವೆ, ಆದರೆ ಎರಡರ ಕೆಂಪು ಒಂದೇ ಅಲ್ಲ.

ಗೆಟಿಸ್ ಮತ್ತು ಆರ್ಡ್ ಅವರ Gi* ಒಂದು ಕೌಂಟಿಯನ್ನೂ ಅದರ ನೆರೆಗಳನ್ನೂ ಒಟ್ಟುಗೂಡಿಸಿ, ಆ ಮೊತ್ತ ನಿರೀಕ್ಷೆಗಿಂತ ಹೆಚ್ಚೇ ಎಂದು ಕೇಳುತ್ತದೆ. ಆದ್ದರಿಂದ ತನ್ನ ದರ ಸಾಧಾರಣವಾಗಿರುವ ಕೌಂಟಿಯೂ ಹೆಚ್ಚಿನ ದರದ ನೆರೆಗಳ ನಡುವೆ ಸಿಕ್ಕಿದರೆ ಕೆಂಪಾಗಬಹುದು. ಆನ್ಸನ್‌ನ ಮೌಲ್ಯ ಅದರ ಗಡಿ ತಾಗುವ ಯೂನಿಯನ್, ಸ್ಟ್ಯಾನ್ಲಿ, ಮಾಂಟ್ಗೊಮರಿ, ರಿಚ್ಮಂಡ್ ಈ ನಾಲ್ಕರ ಮೊತ್ತಗಳಲ್ಲಿಯೂ ಸೇರುತ್ತದೆ. ಆ ಸುತ್ತಿನಲ್ಲಿ ಕೆಂಪು ಕಂಡರೆ ಆನ್ಸನ್ ಒಂದನ್ನು ತೆಗೆದು ಮತ್ತೆ ಲೆಕ್ಕ ಹಾಕುವುದೇ ಅದನ್ನು ಪರೀಕ್ಷಿಸುವ ದಾರಿ. ಆನ್ಸೆಲಿನ್ ಅವರ ಕ್ರಮದಲ್ಲಿ, ತಾನು ಕಡಿಮೆಯಿದ್ದು ನೆರೆ ಹೆಚ್ಚಿರುವ ಕೌಂಟಿ ಬೇರೆಯೇ ಬಣ್ಣ ಪಡೆಯುತ್ತದೆ. ನಕ್ಷೆಯ ಸೂಚಿಯಲ್ಲಿ ಬರುವ ಶೇ 99 ವಿಶ್ವಾಸ ಎಂಬ ಮಾತನ್ನು ಅಲ್ಲಿ ರೋಗ ಹೆಚ್ಚಿರುವುದು ಶೇ 99ರಷ್ಟು ಖಚಿತ ಎಂದು ಓದುವುದೂ ತಪ್ಪು. ಮೌಲ್ಯಗಳು ಯಾದೃಚ್ಛಿಕವಾಗಿ ಹರಡಿದ್ದರೆ ಇಂಥ ಮೊತ್ತ ಅಪರೂಪ ಎಂಬುದಷ್ಟೇ ಅದರ ಅರ್ಥ.

ಅಪರೂಪದ ಲೆಕ್ಕವೂ ಜೋಪಾನ ಬೇಡುತ್ತದೆ. ನೂರು ಕೌಂಟಿಗಳನ್ನು 0.05ರ ಮಟ್ಟದಲ್ಲಿ ಪರೀಕ್ಷಿಸಿದರೆ ಯಾವ ಗುಂಪೂ ಇಲ್ಲದಿದ್ದಾಗಲೂ ಸರಾಸರಿ ಐದು ಕೌಂಟಿಗಳಿಗೆ ಬಣ್ಣ ಬರುತ್ತದೆ. ನೆರೆಗಳು ಒಂದರ ಮೇಲೊಂದು ಹಾಯುವುದರಿಂದ ಆ ಹುಸಿ ಬಣ್ಣವೂ ಗುಂಪಾಗಿಯೇ ಬೀಳುತ್ತದೆ, ನೋಡುವವರಿಗೆ ನಿಜದಂತೆಯೇ ಕಾಣುತ್ತದೆ. ಇದನ್ನು ತಡೆಯಲು ಹುಸಿ ಪತ್ತೆಗಳ ಪ್ರಮಾಣವನ್ನು ಹತೋಟಿಯಲ್ಲಿಡುವ ಕ್ರಮವನ್ನು ಕ್ಯಾಲ್ಡಾಸ್ ಡಿ ಕ್ಯಾಸ್ಟ್ರೊ ಮತ್ತು ಸಿಂಗರ್ 2006ರಲ್ಲಿ ಪ್ರಾದೇಶಿಕ ಅಳತೆಗಳಿಗೆ ಅನ್ವಯಿಸಿದರು. ಕಲಸಿ ಹಂಚುವ ಪರೀಕ್ಷೆಯಲ್ಲಿ ಪಿ-ಮೌಲ್ಯ ಬರುವುದು ಹೀಗೆ:

```
p = (r + 1) / (m + 1)
```

ಇಲ್ಲಿ m ಎಂಬುದು ಕಲಸಿದ ಸಲಗಳ ಸಂಖ್ಯೆ, r ಎಂಬುದು ಅವುಗಳಲ್ಲಿ ನಿಜದ ಮೌಲ್ಯದಷ್ಟು ಅಥವಾ ಅದಕ್ಕಿಂತ ಹೆಚ್ಚಿನದು ಬಂದ ಸಲಗಳ ಸಂಖ್ಯೆ. 999 ಸಲ ಕಲಸಿದರೆ 0.001ಕ್ಕಿಂತ ಕಡಿಮೆ ಸಿಗುವುದೇ ಇಲ್ಲ. ನೂರು ಪರೀಕ್ಷೆಗಳಿಗೆ 0.05ನ್ನು ಸಮನಾಗಿ ಹಂಚಿದರೆ ಬೇಕಾಗುವ ಮಟ್ಟ 0.0005, ಅಂದರೆ 999 ಸಲಗಳಲ್ಲಿ ಯಾವ ಕೌಂಟಿಯೂ ಆ ಮಟ್ಟವನ್ನು ಮುಟ್ಟಲಾರದು, ಕನಿಷ್ಠ 1,999 ಸಲವಾದರೂ ಬೇಕು, 9,999 ಆದರೆ ಇನ್ನೂ ಒಳ್ಳೆಯದು.

ಹೀಗಾಗಿ ಪ್ರಬಂಧದ ವಿಧಾನ ಭಾಗದಲ್ಲಿ ಇಂಥದೊಂದು ವಾಕ್ಯವಿರಬೇಕು: “ನೂರು ಕೌಂಟಿಗಳಲ್ಲಿ ಗಡಿ ತಾಗುವವನ್ನು ನೆರೆಯೆಂದು ಎಣಿಸಿ, ಪ್ರತಿ ಕೌಂಟಿಯ ತೂಕಗಳ ಮೊತ್ತ 1 ಆಗುವಂತೆ ಮಾಡಿ, ಜನನಗಳ ಸಂಖ್ಯೆಗೆ ಸರಿಹೊಂದಿಸಿದ ದರಗಳ ಮೇಲೆ 9,999 ಸಲ ಕಲಸಿ ಪರೀಕ್ಷಿಸಲಾಗಿದೆ, ಬಹುಪರೀಕ್ಷೆಯ ತಿದ್ದುಪಡಿಗೆ ಮೊದಲು ಮತ್ತು ನಂತರ ಉಳಿದ ಕೌಂಟಿಗಳೆರಡನ್ನೂ ತೋರಿಸಲಾಗಿದೆ, 30 ಮೈಲಿಯ ನಿಯಮದಿಂದ ಬಂದ ಫಲಿತಾಂಶವನ್ನು ಹೋಲಿಕೆಗೆ ಕೊಡಲಾಗಿದೆ.” I ಮೌಲ್ಯದ ಜೊತೆಗೆ ಯಾದೃಚ್ಛಿಕ ಸ್ಥಿತಿಯಲ್ಲಿ ನಿರೀಕ್ಷಿಸಬೇಕಾದ ಮೌಲ್ಯವನ್ನೂ ಬರೆಯುವುದು ಒಳ್ಳೆಯದು. ಅದು ಶೂನ್ಯವಲ್ಲ, −1/(n−1). n ಎಂದರೆ ಪ್ರದೇಶಗಳ ಸಂಖ್ಯೆ, ನೂರು ಕೌಂಟಿಗಳಿಗೆ ಸುಮಾರು −0.01.

ಕರ್ನಾಟಕದ ಸಂಶೋಧಕರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ಅಂಕಿಗಳಿಂದ ಇಂಥ ನಕ್ಷೆಗಳನ್ನು ಮಾಡುವಾಗ ಇವೆಲ್ಲ ಇನ್ನಷ್ಟು ಬಿಗಿಯಾಗುತ್ತವೆ. 2019–21ರ ಸಮೀಕ್ಷೆಯಲ್ಲಿ ರಾಜ್ಯದ 30 ಜಿಲ್ಲೆಗಳ ಅಂಕಿಗಳಿವೆ, 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಅದರಲ್ಲಿಲ್ಲ. ಆದ್ದರಿಂದ 31 ಜಿಲ್ಲೆಗಳ ನಕ್ಷೆಯನ್ನು ಅದಕ್ಕೆ ಜೋಡಿಸಿದರೆ ನೆರೆಯ ಪಟ್ಟಿಯೇ ಕೆಡುತ್ತದೆ. ಆ ಅಂಕಿಗಳು ಮಾದರಿ ಸಮೀಕ್ಷೆಯ ಅಂದಾಜುಗಳಾಗಿರುವುದರಿಂದ ಪ್ರತಿಯೊಂದಕ್ಕೂ ತನ್ನದೇ ಆದ ಅನಿಶ್ಚಿತತೆಯ ವ್ಯಾಪ್ತಿಯಿದೆ, ಪರೀಕ್ಷೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನು ರಾಜ್ಯದೊಳಗಷ್ಟೇ ಗಡಿ ನೋಡಿದರೆ ಬೀದರ್‌ಗೆ ಸಿಗುವ ನೆರೆ ಕಲಬುರಗಿ ಒಂದೇ, ಹಾಗಾಗಿ ಬೀದರ್‌ನ ನೆರೆಯ ಸರಾಸರಿ ಎಂದರೆ ಕಲಬುರಗಿಯ ಅಂಕಿಯೇ ಆಗುತ್ತದೆ. ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿ ಜಿಲ್ಲೆಗಳ ಅಂಕಿಗಳೂ ಅದೇ ಸಮೀಕ್ಷೆಯಲ್ಲಿವೆ. ಅವನ್ನು ನೆರೆಯ ಪಟ್ಟಿಗೆ ಸೇರಿಸಿ ಲೆಕ್ಕ ಹಾಕಿ, ನಕ್ಷೆಯಲ್ಲಿ ಕರ್ನಾಟಕವನ್ನು ಮಾತ್ರ ತೋರಿಸಬಹುದು.